ಆ 200 ಗಂಟೆಗೆ ನಿಜವಾಗಿ ಎಷ್ಟು ಖರ್ಚಾಯ್ತು?

ಕಾಸ್ಟ್ ಅಕೌಂಟ್ಸ್ ವಿಭಾಗಕ್ಕೆ ಸೇರಿ ಮೂರನೇ ತಿಂಗಳು. ಅಲ್ಲಿಯವರೆಗೆ ಬೇರೆಯವರು ಮಾಡಿದ ಲೆಕ್ಕವನ್ನು ತಾಳೆ ನೋಡುವ ಕೆಲಸ ಮಾತ್ರ ನನ್ನದಾಗಿತ್ತು. ಆ ತಿಂಗಳು ಮೊದಲ ಸಲ ಲೇಥ್ ವಿಭಾಗದ ವೇರಿಯಬಲ್ ಓವರ್‌ಹೆಡ್ ವೇರಿಯನ್ಸ್ ಪೂರ್ತಿ ನಾನೇ ಮಾಡಬೇಕಾಯಿತು. ಮಷೀನ್ ಓಡಿದಂತೆ ಏರುವ ಕರೆಂಟ್, ಎಣ್ಣೆಯಂಥ ಖರ್ಚು ಎಷ್ಟಾಗಬೇಕಿತ್ತು, ಎಷ್ಟಾಯಿತು, ವ್ಯತ್ಯಾಸ ಯಾಕೆ ಅಂತ ಹೇಳುವ ಲೆಕ್ಕ ಅದು. ಒಂದು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಆರು ದಿನ ಹಿಡಿಯಿತು. ಆ ಆರು ದಿನದಲ್ಲಿ ಏನಾಯಿತು ಅಂತ ಬರೆಯುತ್ತಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ವಿಭಾಗದಲ್ಲಿ ಆರು ಸಿಎನ್‌ಸಿ ಲೇಥ್ ಇವೆ. ಎಲ್ಲದರಲ್ಲೂ ಒಂದೇ ಬಗೆಯ ಶಾಫ್ಟ್ ತಯಾರಾಗುತ್ತದೆ. ಒಂದು ಶಾಫ್ಟಿಗೆ ಸ್ಟ್ಯಾಂಡರ್ಡ್ ಸಮಯ 24 ನಿಮಿಷ, ಅಂದರೆ 0.4 ಮಷೀನ್ ಗಂಟೆ. ಆ ತಿಂಗಳ ಬಜೆಟ್‌ನಲ್ಲಿ 6,000 ಶಾಫ್ಟ್, 2,400 ಗಂಟೆ, 3,60,000 ರೂಪಾಯಿ ವೇರಿಯಬಲ್ ಓವರ್‌ಹೆಡ್ ಇತ್ತು. ಗಂಟೆಗೆ 150 ರೂಪಾಯಿ ಬಿತ್ತು. ತಿಂಗಳು ಮುಗಿದಾಗ ಕೈಗೆ ಬಂದದ್ದು 5,000 ಒಳ್ಳೆಯ ಶಾಫ್ಟ್. ಮಷೀನ್ ಓಡಿದ್ದು 2,200 ಗಂಟೆ. ಖರ್ಚಾಗಿದ್ದು 3,20,000.

ಮೊದಲ ದಿನ ನಾನು ಮಾಡಿದ್ದು ತಪ್ಪು ಲೆಕ್ಕ. ಬಜೆಟ್ 3,60,000, ಖರ್ಚು 3,20,000, ಹಾಗಾಗಿ 40,000 ಉಳಿತಾಯ ಅಂತ ಬರೆದೆ. ಗಂಟೆಯೂ 2,400ರ ಬದಲು 2,200 ಮಾತ್ರ, ಅಲ್ಲೂ 200 ಗಂಟೆ ಉಳಿದಿದೆ ಅಂತ ಸೇರಿಸಿದೆ. ನಮ್ಮ ಫೈನಾನ್ಸ್ ಮ್ಯಾನೇಜರ್ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಸಾವಿರ ಶಾಫ್ಟ್ ಕಡಿಮೆ ಬಂದಿದೆಯಲ್ಲಮ್ಮಾ. ಅದಕ್ಕೆ ಬೇಕಾಗಿದ್ದ ಗಂಟೆಯನ್ನು ಯಾರ ಉಳಿತಾಯ ಅಂತ ಬರೆದಿದ್ದೀಯ?"

ತಪ್ಪು ಆಗ ಕಂಡಿತು. ಹೋಲಿಸಬೇಕಾದ್ದು ಬಜೆಟ್ ಗಂಟೆಯ ಜೊತೆ ಅಲ್ಲ. ಬಂದ 5,000 ಶಾಫ್ಟಿಗೆ ಎಷ್ಟು ಗಂಟೆ ಸಲ್ಲಬೇಕಿತ್ತೋ ಅದರ ಜೊತೆ. 5,000ಕ್ಕೆ 0.4ರಂತೆ 2,000 ಗಂಟೆ. ನಾವು ಬಳಸಿದ್ದು 2,200. ಉಳಿತಾಯ ಅಂದುಕೊಂಡಿದ್ದ 200 ಗಂಟೆ ನಿಜವಾಗಿ ಜಾಸ್ತಿ ಹೋದ 200 ಗಂಟೆ! ಅಂಕಿ ಅದೇ, ದಿಕ್ಕು ತಿರುಗಾಮುರುಗಾ. ಈ ಲೆಕ್ಕದಲ್ಲಿ ಮೂರು ಬಗೆಯ ಗಂಟೆ ಬರುತ್ತವೆ: ಬಜೆಟ್ ಗಂಟೆ, ನಿಜವಾಗಿ ಓಡಿದ ಗಂಟೆ, ಬಂದ ಉತ್ಪಾದನೆಗೆ ಸಲ್ಲುವ ಗಂಟೆ. ಬಜೆಟ್ ಗಂಟೆಯ ಕೆಲಸ 150 ಅನ್ನುವ ದರ ಕಂಡುಹಿಡಿದ ಕ್ಷಣಕ್ಕೆ ಮುಗಿಯಿತು. ಆಮೇಲೆ ಅದು ಎಲ್ಲೂ ಬರಬಾರದು.

ಮರುದಿನ ಮತ್ತೆ ಮಾಡಿದೆ. ಓಡಿದ ಗಂಟೆಗೆ ಆಗಬೇಕಿದ್ದ ಖರ್ಚಿಗೂ ನಿಜವಾಗಿ ಆದ ಖರ್ಚಿಗೂ ಇರುವ ವ್ಯತ್ಯಾಸ ಸ್ಪೆಂಡಿಂಗ್. ಸಲ್ಲಬೇಕಿದ್ದಕ್ಕಿಂತ ಜಾಸ್ತಿ ಹೋದ ಗಂಟೆಗೆ ಕಟ್ಟುವ ಬೆಲೆ ಎಫಿಶಿಯನ್ಸಿ.

```
ಸ್ಪೆಂಡಿಂಗ್ ವೇರಿಯನ್ಸ್
  = 3,20,000 − (2,200 × 150)
  = 3,20,000 − 3,30,000 = 10,000 ಅನುಕೂಲ

ಎಫಿಶಿಯನ್ಸಿ ವೇರಿಯನ್ಸ್
  = (2,200 − 2,000) × 150 = 30,000 ಪ್ರತಿಕೂಲ

ಒಟ್ಟು
  = 3,20,000 − (2,000 × 150) = 20,000 ಪ್ರತಿಕೂಲ
```

ಎರಡೂ ಕೂಡಿದರೆ ಒಟ್ಟು ಬರುತ್ತದೆ. ಕೆಳಗೆ ಎರಡು ಸಾಲು ಟಿಪ್ಪಣಿಯನ್ನೂ ಬರೆದೆ: "ಓವರ್‌ಹೆಡ್ ಖರೀದಿಯಲ್ಲಿ 10,000 ಉಳಿತಾಯವಾಗಿದೆ. ಮಷೀನ್ ಗಂಟೆ ಜಾಸ್ತಿ ಬಳಸಿದ್ದರಿಂದ 30,000 ನಷ್ಟವಾಗಿದೆ." ಸೂತ್ರ ಸರಿ, ಕೂಡಿಸುವುದು ಸರಿ. ಆದರೆ ಆ ಎರಡು ಸಾಲು ಎರಡೂ ತಪ್ಪು. ಅದು ಗೊತ್ತಾಗಿದ್ದು ಲೇಥ್ ವಿಭಾಗದ ಸೂಪರ್‌ವೈಸರ್ ಹತ್ತಿರ ಹೋದಾಗ.

ಅವರು ಹಾಳೆಯನ್ನು ನಿಧಾನವಾಗಿ ಓದಿದರು. "ಇನ್ನೂರು ಗಂಟೆ ಜಾಸ್ತಿ ಹೋಗಿದ್ದು ನಿಜ ಮೇಡಂ, ಒಪ್ಪಿಕೊಳ್ತೇನೆ. ಆದರೆ ಮೂವತ್ತು ಸಾವಿರ ಎಲ್ಲಿ ಖರ್ಚಾಯ್ತು, ಅದನ್ನು ತೋರಿಸಿ. ಯಾವ ಬಿಲ್ಲಿನಲ್ಲಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 30,000 ಯಾವ ಬಿಲ್ಲಿನಲ್ಲೂ ಇರಲಿಲ್ಲ. ಅದು 200 ಗಂಟೆಯನ್ನು 150ರಿಂದ ಗುಣಿಸಿ ಬಂದ ಅಂಕಿ, ಅಷ್ಟೇ. ಅವರು ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು, ಯಾಕೆಂದರೆ ಆ 30,000ಕ್ಕೆ ಉತ್ತರ ಹೇಳಬೇಕಾದವರು ಅವರು.

ಮೊದಲು ಆ 200 ಗಂಟೆ ಎಲ್ಲಿ ಹೋಯಿತು ಅಂತ ಹುಡುಕಿದೆವು. ನಮ್ಮ ಲೆಕ್ಕಕ್ಕೆ ಬರುವ ಮಷೀನ್ ಗಂಟೆ ಅಂದರೆ ಲೇಥಿನ ಪರದೆಯಲ್ಲಿ POWER ON ಅಂತ ತೋರಿಸುವ ಓದು. ತಿಂಗಳ ಮೊದಲ ದಿನದ ಓದನ್ನು ಕೊನೆಯ ದಿನದ ಓದಿನಿಂದ ಕಳೆಯುತ್ತಾರೆ. ಅದೇ ಪರದೆಯಲ್ಲಿ OPERATING TIME ಅಂತ ಇನ್ನೊಂದು ಓದು ಇದೆ. ಪ್ರೋಗ್ರಾಂ ಓಡುತ್ತಿರುವ ಸಮಯ ಮಾತ್ರ ಅದರಲ್ಲಿ ಸೇರುತ್ತದೆ. ಆಪರೇಟರ್‌ಗಳು ಎರಡನ್ನೂ ಲಾಗ್ ಶೀಟಿನಲ್ಲಿ ಬರೆದಿಡುತ್ತಿದ್ದರು. ನಮ್ಮ ಆಫೀಸಿನಲ್ಲಿ ಎರಡನೆಯದನ್ನು ಯಾರೂ ನೋಡುತ್ತಿರಲಿಲ್ಲ.

ಆರು ಮಷೀನ್ ಸೇರಿ POWER ON 2,200 ಗಂಟೆ, OPERATING TIME 1,840 ಗಂಟೆ. ಸ್ಟ್ಯಾಂಡರ್ಡ್‌ನ 24 ನಿಮಿಷದಲ್ಲಿ 22 ನಿಮಿಷ ಪ್ರೋಗ್ರಾಂ ಓಡುವ ಸಮಯ, 2 ನಿಮಿಷ ಶಾಫ್ಟ್ ಹಾಕಿ ತೆಗೆಯುವ ಸಮಯ. 5,000 ಶಾಫ್ಟಿಗೆ ಪ್ರೋಗ್ರಾಂ ಸಮಯ ಸುಮಾರು 1,833 ಗಂಟೆ ಆಗಬೇಕು. ಆಗಿದ್ದು 1,840. ಬರೀ 7 ಗಂಟೆ ವ್ಯತ್ಯಾಸ. ಅಂದರೆ ಮಷೀನ್ ನಿಧಾನವಾಗಿ ಕತ್ತರಿಸಲಿಲ್ಲ, ಆಪರೇಟರ್ ಫೀಡ್ ಇಳಿಸಲಿಲ್ಲ. ಉಳಿದ 360 ಗಂಟೆಯಲ್ಲಿ ಹಾಕಿ ತೆಗೆಯಲು 167 ಗಂಟೆ ಸಲ್ಲುತ್ತದೆ. ಮಿಕ್ಕ 193 ಗಂಟೆ ಮಷೀನ್ ಆನ್ ಇಟ್ಟುಕೊಂಡು ಕಾದ ಸಮಯ. ಆ 7 ಗಂಟೆ ಚಿಕ್ಕದು, ಹಾಗಾಗಿ ಮುಂದಿನ ಖರ್ಚಿನ ಲೆಕ್ಕದಲ್ಲಿ 200 ಗಂಟೆಯನ್ನೂ ಕಾದದ್ದು ಅಂತಲೇ ಹಿಡಿದಿದ್ದೇನೆ.

ಯಾಕೆ ಕಾದರು? ಟೂಲ್ ಬದಲಿಸಿದ ಮೇಲೆ ಮೊದಲ ಶಾಫ್ಟ್ ಅಳೆದು ಸರಿ ಇದೆ ಅಂತ ಕ್ವಾಲಿಟಿಯವರು ಹೇಳುವ ತನಕ ಮುಂದಿನದ್ದನ್ನು ಹಾಕುವಂತಿಲ್ಲ. ಇದ್ದ ಎರಡು ಗೇಜ್‌ಗಳಲ್ಲಿ ಒಂದು ಕ್ಯಾಲಿಬ್ರೇಷನ್‌ಗೆ ಹೋಗಿತ್ತು. ಆರು ಮಷೀನ್ ಒಂದೇ ಗೇಜಿಗೆ ಸಾಲು ನಿಂತವು. ಒಂದು ಮಷೀನಿಗೆ ಪ್ರತಿ ಶಿಫ್ಟಿನಲ್ಲಿ ಹತ್ತಿರ ಹತ್ತಿರ 40 ನಿಮಿಷ. ದಿನಕ್ಕೆ ಎರಡು ಶಿಫ್ಟ್, 25 ದಿನ. ಅದೇ ಈ 193 ಗಂಟೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಒಬ್ಬ ಆಪರೇಟರ್ ಎರಡು ಲೇಥ್ ನೋಡಿಕೊಳ್ಳುತ್ತಾರೆ. ಒಂದು ಕಾಯುತ್ತಿದ್ದರೆ ಅವರು ಇನ್ನೊಂದರಲ್ಲಿ ಕೆಲಸ ಮಾಡುತ್ತಿರುತ್ತಾರೆ. ಕಾರ್ಮಿಕರ ಗಂಟೆಯ ಮೇಲೆ ಓವರ್‌ಹೆಡ್ ಹಂಚಿದ್ದರೆ ಈ ಕಾಯುವಿಕೆ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ. ಮಷೀನ್ ಗಂಟೆಯನ್ನು ಆಧಾರವಾಗಿ ಇಟ್ಟುಕೊಂಡಿದ್ದು ಒಳ್ಳೆಯದೇ ಆಯಿತು. ತೊಂದರೆ ಇದ್ದದ್ದು ಗಂಟೆಯಲ್ಲಿ ಅಲ್ಲ, ಗಂಟೆಗೆ ಕಟ್ಟಿದ 150 ರೂಪಾಯಿಯಲ್ಲಿ.

ಆ 150ರ ಒಳಗೆ ಏನಿದೆ? ಬಜೆಟ್ ಹಾಳೆ ತೆಗೆದು ನೋಡಿದೆ. ಕರೆಂಟಿಗೆ 80 ರೂಪಾಯಿ, ಅಂದರೆ ಗಂಟೆಗೆ 10 ಯೂನಿಟ್, ಯೂನಿಟ್‌ಗೆ 8 ರೂಪಾಯಿ. ಎಣ್ಣೆ ಮತ್ತು ಕೂಲೆಂಟಿಗೆ 25. ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಚಿಕ್ಕ ಅಲಗುಗಳಿಗೆ 45. ಮೂರನ್ನೂ ಬೇರೆ ಬೇರೆ ಮಾಡಿ ನೋಡಲು ಕೂತೆ.

ಇನ್ಸರ್ಟ್‌ನಿಂದ ಶುರು ಮಾಡಿದೆ, ಯಾಕೆಂದರೆ ಅದರಲ್ಲೇ ದೊಡ್ಡ "ಉಳಿತಾಯ" ಇತ್ತು. 2,200 ಗಂಟೆಗೆ 45ರಂತೆ 99,000 ಆಗಬೇಕು. ಆಗಿದ್ದು 90,800. 8,200 ಅನುಕೂಲ. ಸ್ಟೋರ್ಸ್‌ನವರು ಕಡಿಮೆ ಬೆಲೆಗೆ ತಂದರೇನೋ ಅಂತ ವಿಚಾರಿಸಿದೆ. ಇಲ್ಲ, ಬೆಲೆ ಹಾಗೇ ಇತ್ತು. ಸೂಪರ್‌ವೈಸರ್ ಒಂದು ಸವೆದ ಇನ್ಸರ್ಟನ್ನು ನನ್ನ ಅಂಗೈಯಲ್ಲಿಟ್ಟರು.

"ಇದು ಸವೆಯೋದು ಲೋಹಕ್ಕೆ ತಾಗಿದಾಗ ಮೇಡಂ. ಮಷೀನ್ ಸುಮ್ನೆ ನಿಂತಿದ್ದರೆ ಇದಕ್ಕೇನಾಗುತ್ತೆ?"

ಇನ್ಸರ್ಟ್ ಖರ್ಚು ಹೋಗುವುದು ಶಾಫ್ಟಿನ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಿ ಅಲ್ಲ. 0.4 ಗಂಟೆಗೆ 45ರಂತೆ ಒಂದು ಶಾಫ್ಟಿಗೆ 18 ರೂಪಾಯಿ. 5,000 ಶಾಫ್ಟಿಗೆ 90,000. ಆಗಿದ್ದು 90,800. ಅಂದರೆ 800 ರೂಪಾಯಿ ಜಾಸ್ತಿಯೇ ಆಗಿದೆ! ಆದರೂ ನನ್ನ ಹಾಳೆಯಲ್ಲಿ 8,200 ಉಳಿತಾಯ ಕಾಣುತ್ತಿತ್ತು. ಹೇಗೆ? ಕಾದ 200 ಗಂಟೆಗೂ ಗಂಟೆಗೆ 45ರಂತೆ 9,000 ರೂಪಾಯಿಯ ಇನ್ಸರ್ಟ್ ಸವೆದಿದೆ ಅಂತ ಸೂತ್ರ ಅಂದುಕೊಂಡಿತು. ಆ 9,000ವನ್ನು ಎಫಿಶಿಯನ್ಸಿಯಲ್ಲಿ ನಷ್ಟ ಅಂತ ಬರೆಯಿತು. ಆ ಖರ್ಚು ಆಗಿಯೇ ಇಲ್ಲದ ಕಾರಣ ಅದೇ 9,000ವನ್ನು ಸ್ಪೆಂಡಿಂಗ್‌ನಲ್ಲಿ ಲಾಭ ಅಂತ ಬರೆಯಿತು. ಅದರಲ್ಲಿ ನಿಜವಾಗಿ ಜಾಸ್ತಿಯಾದ 800 ಕಳೆದು 8,200 ಉಳಿಯಿತು. ಎರಡು ಕಡೆಯ 9,000ವೂ ಇಲ್ಲದ ಹಣ.

ಇದನ್ನು ಕಾಗದದ ಮೇಲೆ ಬರೆದು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಸ್ಪೆಂಡಿಂಗ್ ಅನುಕೂಲ, ಎಫಿಶಿಯನ್ಸಿ ಪ್ರತಿಕೂಲ, ಎರಡೂ ಒಂದೇ ತಿಂಗಳು ಒಟ್ಟಿಗೆ ಬಂದಾಗ ಈಗ ನಾನು ಮೊದಲು ಹುಡುಕುವುದು ಇದನ್ನೇ. ಗಂಟೆಗೆ ಕಟ್ಟಿದ ಖರ್ಚಿನಲ್ಲಿ ಗಂಟೆಯ ಜೊತೆ ಏರದ ಖರ್ಚು ಯಾವುದಾದರೂ ಸೇರಿಕೊಂಡಿದೆಯಾ ಅಂತ.

ಆಮೇಲೆ ಕರೆಂಟ್. 2,200 ಗಂಟೆಗೆ 80ರಂತೆ 1,76,000 ಆಗಬೇಕು, ಆಗಿದ್ದು 1,73,400. 2,600 ಅನುಕೂಲ. ನೋಡಿದರೆ ಏನೂ ಗಲಾಟೆ ಇಲ್ಲದ ಅಂಕಿ. ಆದರೆ ಬಿಲ್ ತೆಗೆದರೆ ಬೇರೆಯೇ ಕಥೆ. ಯೂನಿಟ್ ದರ 8ರಿಂದ 8.50ಕ್ಕೆ ಏರಿತ್ತು. ಲೇಥ್ ವಿಭಾಗದ ಮೀಟರಿನಲ್ಲಿ 20,400 ಯೂನಿಟ್. ಯೂನಿಟ್‌ಗೆ 50 ಪೈಸೆಯಂತೆ ದರ ಏರಿಕೆಯೊಂದರಿಂದಲೇ 10,200 ರೂಪಾಯಿ ಜಾಸ್ತಿ ಹೋಗಿದೆ. ಇನ್ನೊಂದು ಕಡೆ, 2,200 ಗಂಟೆಗೆ 22,000 ಯೂನಿಟ್ ಅಂತ ಸೂತ್ರ ಅಂದುಕೊಂಡಿತ್ತು. ಆಗಿದ್ದು 1,600 ಯೂನಿಟ್ ಕಡಿಮೆ, 8ರಂತೆ 12,800 ಅನುಕೂಲ. ಈ ಅನುಕೂಲದಲ್ಲಿ ದರ ಏರಿಕೆ ಮುಚ್ಚಿಹೋಯಿತು. ಹೊರಗೆ ಕಂಡಿದ್ದು ಬರೀ 2,600.

ಸ್ಪೆಂಡಿಂಗ್ ವೇರಿಯನ್ಸ್ ಅಂದರೆ ಬೆಲೆಯ ವ್ಯತ್ಯಾಸ ಅಂತಲೇ ನಾನು ಅಲ್ಲಿಯವರೆಗೆ ನಂಬಿದ್ದೆ. ಕಚ್ಚಾ ಸಾಮಗ್ರಿಯ ಬೆಲೆ ವೇರಿಯನ್ಸ್ ಹಾಗೇ ಅಲ್ವಾ? ಇಲ್ಲಿ ಹಾಗಲ್ಲ. ಸಾಮಗ್ರಿಯಲ್ಲಿ ನಾವು ಅಳೆಯುವುದೂ ಕೊಳ್ಳುವುದೂ ಒಂದೇ ವಸ್ತು. ಇಲ್ಲಿ ಅಳೆಯುವುದು ಗಂಟೆ, ಕೊಳ್ಳುವುದು ಯೂನಿಟ್, ಎಣ್ಣೆ, ಇನ್ಸರ್ಟ್. ಆದ್ದರಿಂದ ಒಂದು ಗಂಟೆಗೆ ಎಷ್ಟು ಯೂನಿಟ್ ಸುಟ್ಟೆವು ಅನ್ನುವುದೂ ಸ್ಪೆಂಡಿಂಗ್‌ನಲ್ಲೇ ಸೇರುತ್ತದೆ. ಕರೆಂಟನ್ನು ಯಾರಾದರೂ ದಂಡ ಮಾಡಿದ್ದರೆ ಅದು ಎಫಿಶಿಯನ್ಸಿಯಲ್ಲಿ ಕಾಣುವುದಿಲ್ಲ. ಆ ಹೆಸರು ನೋಡಿ ಅಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಎಫಿಶಿಯನ್ಸಿ ಹೇಳುವುದು ಮಷೀನ್ ಗಂಟೆಯ ಬಗ್ಗೆ ಮಾತ್ರ.

ಕಾದ ಗಂಟೆಗೆ ಎಷ್ಟು ಯೂನಿಟ್ ಹೋಗುತ್ತದೆ ಅನ್ನುವುದನ್ನು ಅಳೆದೇ ನೋಡಿದೆವು. ಒಂದು ಲೇಥಿಗೆ ಎನರ್ಜಿ ಮೀಟರ್ ಹಾಕಿಸಿ, ಸ್ಪಿಂಡಲ್ ನಿಲ್ಲಿಸಿ, ಒಂದು ಗಂಟೆ ಹಾಗೇ ಆನ್ ಇಟ್ಟೆವು. ಹೈಡ್ರಾಲಿಕ್ ಪಂಪು, ಪ್ಯಾನೆಲ್ಲಿನ ಫ್ಯಾನು, ಡ್ರೈವ್‌ಗಳು ಎಲ್ಲ ಸೇರಿ ಸುಮಾರು 2 ಯೂನಿಟ್ ಆಯಿತು. ಗಂಟೆಗೆ 10 ಯೂನಿಟ್ ಅನ್ನುವುದು ಕತ್ತರಿಸುವ ಕೆಲಸ ಸರಿಯಾಗಿ ನಡೆಯುತ್ತಿರುವಾಗಿನ ಸರಾಸರಿ. 200 ಗಂಟೆಗೆ 2ರಂತೆ 400 ಯೂನಿಟ್. 5,000 ಶಾಫ್ಟಿಗೆ ಸಲ್ಲುವ 20,000 ಯೂನಿಟ್‌ಗೆ ಅದನ್ನು ಸೇರಿಸಿದರೆ 20,400. ಮೀಟರಿನ ಓದಿಗೆ ಸರಿಹೊಂದಿತು. ಆ ಗಳಿಗೆ ನನಗೆ ತುಂಬಾ ಸಮಾಧಾನವಾಯಿತು. ಗಂಟೆಯ ಲೆಕ್ಕ ಮತ್ತು ಮೀಟರಿನ ಲೆಕ್ಕ ಎರಡು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಕಡೆ ಸೇರಿದ್ದವು.

ಎಣ್ಣೆ ಮತ್ತು ಕೂಲೆಂಟಿನಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಮಷೀನ್ ಆನ್ ಇರುವಷ್ಟು ಹೊತ್ತು ಪಂಪು ಇಷ್ಟಿಷ್ಟು ನಿಮಿಷಕ್ಕೊಮ್ಮೆ ಎಣ್ಣೆ ಬಿಡುತ್ತಲೇ ಇರುತ್ತದೆ. ಹಾಗಾಗಿ ಇದು ಗಂಟೆಯ ಜೊತೆಗೇ ಹೋಗುತ್ತದೆ ಅಂತ ಇಟ್ಟುಕೊಂಡೆ. ಕೂಲೆಂಟಿನ ಮಟ್ಟಿಗೆ ಇದು ಪೂರ್ತಿ ನಿಜವಲ್ಲ, ಆದರೆ ಅದರ ಪಾಲು ಚಿಕ್ಕದು. 55,000 ಆಗಬೇಕಿತ್ತು, 55,800 ಆಯಿತು. 800 ಪ್ರತಿಕೂಲ.

ಈಗ ಒಟ್ಟು 20,000ವನ್ನು ಮತ್ತೆ ಹಂಚಿದೆ, ಈ ಸಲ ಕಾರಣದ ಪ್ರಕಾರ.

```
ಕಾದ 200 ಗಂಟೆ: ಕರೆಂಟ್ 400 × 8       3,200
ಕಾದ 200 ಗಂಟೆ: ಎಣ್ಣೆ, ಕೂಲೆಂಟ್ 200 × 25  5,000
ಯೂನಿಟ್ ದರ ಏರಿಕೆ: 20,400 × 0.50      10,200
ಎಣ್ಣೆ, ಕೂಲೆಂಟ್ ಜಾಸ್ತಿ ಬಳಕೆ              800
ಇನ್ಸರ್ಟ್ ಜಾಸ್ತಿ ಬಳಕೆ                    800
ಒಟ್ಟು ಪ್ರತಿಕೂಲ                     20,000
```

ಸೂಪರ್‌ವೈಸರ್ ಕೇಳಿದ ಪ್ರಶ್ನೆಗೆ ಉತ್ತರ ಮೊದಲ ಎರಡು ಸಾಲಿನಲ್ಲಿತ್ತು. ಆ 200 ಗಂಟೆಗೆ ನಿಜವಾಗಿ ಖರ್ಚಾಗಿದ್ದು 8,200, ಮೂವತ್ತು ಸಾವಿರ ಅಲ್ಲ. ಅತಿ ದೊಡ್ಡ ಕಾರಣ ಯೂನಿಟ್ ದರ. ಅದರ ಮೇಲೆ ಲೇಥ್ ವಿಭಾಗದ ಯಾರಿಗೂ ಹಿಡಿತವಿಲ್ಲ. ನನ್ನ ಮೊದಲ ಟಿಪ್ಪಣಿ ಅದನ್ನೇ "ಖರೀದಿಯಲ್ಲಿ ಉಳಿತಾಯ" ಅಂದಿತ್ತು. ಹಾಗೇ ಮೇಲೆ ಹೋಗಿದ್ದರೆ ಖರೀದಿಯವರಿಗೆ ಮೆಚ್ಚುಗೆ, ಆಪರೇಟರ್‌ಗಳಿಗೆ ಬೈಗುಳ. ಎರಡೂ ನ್ಯಾಯವಲ್ಲ.

ಹಾಳೆಯನ್ನು ಮ್ಯಾನೇಜರ್ ಮುಂದಿಟ್ಟೆ. ಅವರು ಒಂದೊಂದು ಸಾಲಿಗೂ ಆಧಾರ ಕೇಳಿದರು, ತೋರಿಸಿದೆ. "ಹಾಗಾದರೆ ಇನ್ಸರ್ಟನ್ನು ಗಂಟೆಯ ದರದಿಂದ ತೆಗೆದರೆ ಏನು ಬರುತ್ತೆ, ಮಾಡು" ಅಂದರು. ಅಲ್ಲೇ ಮಾಡಿದೆ. ಗಂಟೆಗೆ 105 ರೂಪಾಯಿ, ಜೊತೆಗೆ ಶಾಫ್ಟಿಗೆ 18 ರೂಪಾಯಿ. ಎಫಿಶಿಯನ್ಸಿ 200ಕ್ಕೆ 105ರಂತೆ 21,000 ಪ್ರತಿಕೂಲ. ಸ್ಪೆಂಡಿಂಗ್‌ಗೆ 2,200 ಗಂಟೆಯ 2,31,000 ಮತ್ತು ಶಾಫ್ಟುಗಳ 90,000 ಸೇರಿ 3,21,000, ಖರ್ಚು 3,20,000, ಅಂದರೆ 1,000 ಅನುಕೂಲ. ಒಟ್ಟು ಅದೇ 20,000. ಒಟ್ಟು ಯಾವತ್ತೂ ಬದಲಾಗುವುದಿಲ್ಲ, ನಡುವಿನ ಗೆರೆ ಮಾತ್ರ ಜರುಗುತ್ತದೆ.

ಮೊದಲಿಗಿಂತ ಉತ್ತಮ, ಆದರೂ 21,000 ಇನ್ನೂ 8,200ಕ್ಕಿಂತ ಬಹಳ ದೂರ. ಕರೆಂಟ್ ಇನ್ನೂ ಗಂಟೆಗೆ 10 ಯೂನಿಟ್ ಅಂತಲೇ ಇದೆಯಲ್ಲ, ಅದರಿಂದ. ಕರೆಂಟಿಗೆ OPERATING TIME ಅನ್ನು ಆಧಾರ ಮಾಡಿದರೆ ಇನ್ನೂ ಹತ್ತಿರ ಬರಬಹುದು ಅಂದೆ. ಮ್ಯಾನೇಜರ್ ಒಪ್ಪಲಿಲ್ಲ. ಒಂದು ವಿಭಾಗಕ್ಕೆ ಮೂರು ಆಧಾರ ಇಟ್ಟರೆ ಬಜೆಟ್ ಮಾಡುವುದು, ಓದು ಬರೆದಿಡುವುದು ಎಲ್ಲ ಮೂರು ಪಟ್ಟು. ಇನ್ಸರ್ಟ್ ಬೇರೆ ಮಾಡೋಣ, ಕರೆಂಟ್ ಗಂಟೆಯಲ್ಲೇ ಇರಲಿ, ಆದರೆ ಬಿಲ್ಲಿನ ದರ ಮತ್ತು ಯೂನಿಟ್ ಎರಡನ್ನೂ ಪ್ರತಿ ತಿಂಗಳು ಬೇರೆ ಸಾಲಿನಲ್ಲಿ ತೋರಿಸು ಅಂದರು. ಅವರ ಮಾತು ನನಗೆ ಸರಿ ಅನಿಸಿತು. ಇನ್ಸರ್ಟನ್ನು ಶಾಫ್ಟಿಗೆ ಕಟ್ಟುವುದಕ್ಕೆ ಹೊಸ ಓದು ಬೇಕಿಲ್ಲ, ಶಾಫ್ಟಿನ ಎಣಿಕೆ ಹೇಗೂ ಇದ್ದೇ ಇದೆ.

ಅಲ್ಲಿಗೆ ಮುಗಿಯಿತು ಅಂತ ಎದ್ದೆ. ಸೂಪರ್‌ವೈಸರ್‌ಗೆ ಹೊಸ ಹಾಳೆ ಕೊಟ್ಟೆ. 8,200 ನೋಡಿ ಅವರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಅವರು ತಲೆ ಅಲ್ಲಾಡಿಸಿದರು.

"ಈಗ ತುಂಬಾ ಕಡಿಮೆ ಆಯ್ತಲ್ಲ ಮೇಡಂ. ಇನ್ನೂರು ಗಂಟೆ ಅಂದರೆ ಐನೂರು ಶಾಫ್ಟ್. ಆರ್ಡರ್ ಕೈಯಲ್ಲಿತ್ತು, ಕೊಡೋಕಾಗಲಿಲ್ಲ. ಅದು ಇದರಲ್ಲಿ ಎಲ್ಲಿದೆ?"

ಅದು ಇದರಲ್ಲಿ ಇಲ್ಲ. ವೇರಿಯಬಲ್ ಓವರ್‌ಹೆಡ್ ವೇರಿಯನ್ಸ್ ಖರ್ಚಾದ ಹಣದ ಬಗ್ಗೆ ಮಾತ್ರ ಹೇಳುತ್ತದೆ, ಬರಬೇಕಿದ್ದು ಬಾರದೇ ಹೋದ ಹಣದ ಬಗ್ಗೆ ಅಲ್ಲ. 500 ಶಾಫ್ಟಿನ ಮಾರಾಟದ ಬೆಲೆಯಿಂದ ಅವುಗಳ ವೇರಿಯಬಲ್ ಖರ್ಚನ್ನೆಲ್ಲ ಕಳೆದರೆ ಉಳಿಯುವ ಹಣವೇ ಆ ಕಾಯುವಿಕೆಯ ದೊಡ್ಡ ಬೆಲೆ. ಆರ್ಡರ್ ಇಲ್ಲದ ತಿಂಗಳಾಗಿದ್ದರೆ ಅದು ಸೊನ್ನೆ, 8,200 ಮಾತ್ರ ನಿಜ. ಆರ್ಡರ್ ಇದ್ದ ತಿಂಗಳಲ್ಲಿ 8,200 ಏನೂ ಅಲ್ಲ. ಹಾಳೆಯ ಕೆಳಗೆ ಒಂದು ಸಾಲು ಸೇರಿಸಿದೆ: "ಗೇಜ್ ಕಾಯುವಿಕೆ 193 ಗಂಟೆ. ಆರ್ಡರ್ ಇದ್ದೂ ಸುಮಾರು 480 ಶಾಫ್ಟ್ ತಯಾರಾಗಲಿಲ್ಲ." ಐನೂರು ಅಂತ ಬರೆಯಲಿಲ್ಲ, ಯಾಕೆಂದರೆ ಉಳಿದ 7 ಗಂಟೆ ಗೇಜಿನಿಂದ ಹೋಗಿದ್ದಲ್ಲ.

ಆ ಸಾಲು ಓದಿದ ವಾರದಲ್ಲಿ ಮೂರನೇ ಗೇಜಿಗೆ ಒಪ್ಪಿಗೆ ಸಿಕ್ಕಿತು. ಮುಂದಿನ ತಿಂಗಳಿಂದ ಲಾಗ್ ಶೀಟಿನ ಎರಡೂ ಓದುಗಳು ನನ್ನ ಮೇಜಿಗೆ ಬರುತ್ತಿವೆ. ವೇರಿಯನ್ಸ್ ಲೆಕ್ಕ ಶುರು ಮಾಡುವ ಮೊದಲು POWER ONನಿಂದ OPERATING TIME ಕಳೆದು, ಅದರಿಂದ ಶಾಫ್ಟಿಗೆ 2 ನಿಮಿಷದಂತೆ ಕಳೆದು, ಎಷ್ಟು ಉಳಿಯಿತು ಅಂತ ನೋಡುತ್ತೇನೆ. ಕಳೆದ ತಿಂಗಳು 41 ಗಂಟೆ ಉಳಿದಿತ್ತು.